ಎಡ ಅಟ್ಟೆಯ ಗುರುತು

ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ‘ಭೂತಗನ್ನಡಿ’ ಎಂದೇ ಕರೆಯುತ್ತಿದ್ದರು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ತಲೆ ನರೆಸಿಕೊಂಡವನು. ಅಚ್ಚುಕೂಟ ಮುಚ್ಚಿದ ಮೇಲೆ ಅವನ ಕೈಯ ಕಸುಬು ಹೋಯಿತು, ಕಣ್ಣಿನ ಕಸುಬು ಉಳಿಯಿತು. ಬಳಸಿದ ಕ್ರೀಡಾ ಶೂಗಳನ್ನು ಜಾಲತಾಣದಲ್ಲಿ ಮಾರಿಸುವ ಕಂಪನಿಯೊಂದು ಆ ಕಣ್ಣಿಗೆ ಕುರ್ಚಿ ಕೊಟ್ಟಿತು. ಗೋದಾಮಿನ ಮೇಲಂತಸ್ತಿನಲ್ಲಿ ಕುಳಿತು, ಮಾರುವವರು ಕಳಿಸಿದ ಚಿತ್ರಗಳನ್ನು ನೋಡಿ, ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವುದು ಅವನ ಕೆಲಸ.

ಅವನು ನೋಡುವ ಕ್ರಮವೇ ಬೇರೆ. ಶೂವಿನ ಅಂದವನ್ನು ಅವನು ಗಮನಿಸುತ್ತಲೇ ಇರಲಿಲ್ಲ. ಮೊದಲು ಡಬ್ಬಿಯ ಚೀಟಿ. ಅದರ ಮೇಲಿನ ಮಾದರಿ ಸಂಖ್ಯೆಯೂ ಅಳತೆಯೂ ಶೂವಿನ ನಾಲಗೆಯ ಒಳಗೆ ಹೊಲಿದ ಪಟ್ಟಿಯೊಡನೆ ಅಕ್ಷರಶಃ ಹೊಂದಬೇಕು. ನಕಲಿಯವರು ಅನೇಕ ವೇಳೆ ಒಂದೇ ಚೀಟಿಯನ್ನು ನೂರು ಡಬ್ಬಿಗೆ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಹೊಲಿಗೆ: ಒಂದು ಹೊಲಿಗೆಗೂ ಮುಂದಿನದಕ್ಕೂ ಅಂತರ ಸಮವೇ, ತಿರುವಿನಲ್ಲಿ ಸಾಲು ಅಂಚಿನಿಂದ ಜಾರಿದೆಯೇ, ಹಿಮ್ಮಡಿಯಲ್ಲಿ ನೂಲು ಎದ್ದಿದೆಯೇ. ಕೊನೆಗೆ ಅಡಿಯ ಅಟ್ಟೆ: ಅಚ್ಚಿನ ಗೀರುಗಳು ಚೂಪಾಗಿವೆಯೇ, ಕರಗಿದ ಬೆಲ್ಲದಂತೆ ಮೊಂಡಾಗಿವೆಯೇ. ಇದರಲ್ಲಿ ಒಂದೇ ಗುರುತನ್ನು ನಂಬಿ ತೀರ್ಪು ಬರೆಯಬಾರದೆಂದು ಅವನೇ ಹೊಸಬರಿಗೆ ಹೇಳಿಕೊಡುತ್ತಿದ್ದ.

ಒಮ್ಮೆ ಮಾತ್ರ ಅವನೇ ಆ ಮಾತನ್ನು ಮೀರಿದ.

ನಾಲ್ಕು ತಿಂಗಳ ಹಿಂದೆ, ಹಳೆಯ ಶೂಗಳ ಪುಟ್ಟ ಅಂಗಡಿಯ ಒಡತಿಯೊಬ್ಬಳು ಒಂದು ಜೊತೆ ಓಟದ ಶೂಗಳ ಚಿತ್ರ ಕಳಿಸಿದ್ದಳು. ಚೀಟಿ ಸರಿ, ಪಟ್ಟಿ ಸರಿ, ಹೊಲಿಗೆ ಸರಿ. ಆದರೆ ಆ ಮಾದರಿಗೆ ಒಂದು ವಿಶೇಷವಿತ್ತು: ಜೊತೆಯಲ್ಲಿ ಒಂದೇ ಒಂದು ಶೂವಿನ ಅಟ್ಟೆಗೆ ವಜ್ರಾಕಾರದ ಸಣ್ಣ ಗುರುತು. ಹೋಲಿಸಿ ನೋಡಲು ಕಚೇರಿ ಇಟ್ಟುಕೊಂಡಿದ್ದ ಮಾದರಿ ಚಿತ್ರದಲ್ಲಿ ಅದು ಬಲಗಾಲಿನದಕ್ಕಿತ್ತು, ಅವಳದರಲ್ಲಿ ಎಡಗಾಲಿನದಕ್ಕೆ. ಅವನು ಬರೆದ: ‘ಗುರುತು ಬಲ ಅಟ್ಟೆಯಲ್ಲಿರತಕ್ಕದ್ದು; ಇದು ನಕಲಿ.’ ನಿಯಮದಂತೆ ಆ ವಾಕ್ಯ ಅವಳ ಅಂಗಡಿಯ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿತು.

ಅವಳು ಫೋನ್ ಮಾಡಿದ್ದಳು. “ಅದು ನನ್ನ ತಮ್ಮನ ಶೂ ಸರ್. ಅವನು ಓಡಿ ಗೆದ್ದಿದ್ದು ಅದರಲ್ಲೇ. ಮಾರಿಕೊಡು ಅಕ್ಕ ಅಂತ ನಂಬಿ ನನ್ನ ಕೈಗೆ ಕೊಟ್ಟಿದ್ದ. ಈಗ ನಾನೇ ಒಳ್ಳೇದನ್ನ ಇಟ್ಕೊಂಡು ನಕಲಿ ತೋರಿಸ್ತಿದೀನಿ ಅಂತಾನೆ. ಇನ್ನೊಂದ್ಸಲ ನೋಡಿ.”

“ಚಿತ್ರ ಸುಳ್ಳು ಹೇಳಲ್ಲ ತಾಯಿ,” ಎಂದಿದ್ದ ಭೂತಗನ್ನಡಿ. ಇನ್ನೊಂದು ಸಲ ನೋಡಿಯೂ ಇದ್ದ. ಕಂಡದ್ದು ಮೊದಲು ಕಂಡದ್ದೇ.

ಈಗ ಒಂದು ಬೆಳಗ್ಗೆ ಅದೇ ಮಾದರಿಯ ಹನ್ನೊಂದು ಜೊತೆಗಳು ಒಟ್ಟಿಗೆ ಬಂದವು. ಹೊಲಿಗೆ ಹಾದಿ ತಪ್ಪಿದ ಇರುವೆಯ ಸಾಲು. ಹನ್ನೊಂದು ಡಬ್ಬಿಗೂ ಒಂದೇ ಅಳತೆಯ ಚೀಟಿ, ಒಳಗಿನ ಪಟ್ಟಿಗಳಲ್ಲಿ ನಾಲ್ಕು ಬಗೆಯ ಅಳತೆ. ನಕಲಿ ಎಂಬುದಕ್ಕೆ ದೀಪ ಹಿಡಿದು ನೋಡಬೇಕಾಗಿರಲಿಲ್ಲ. ಆದರೆ ಹನ್ನೊಂದಕ್ಕೂ ವಜ್ರದ ಗುರುತು ಬಲ ಅಟ್ಟೆಯಲ್ಲೇ ಇತ್ತು.

“ನೋಡಿ ಮಾವ, ಎಲ್ಲಾ ಕೆಟ್ಟರೂ ಇದೊಂದು ಸರಿಯಾಗಿ ಮಾಡಿದಾರೆ,” ಎಂದಳು ಪಕ್ಕದ ಮೇಜಿನ ಹುಡುಗಿ. “ನಿಮ್ಮ ಪಾಠ ಓದಿಕೊಂಡು ಪರೀಕ್ಷೆ ಬರೆದ ಹಾಗಿದೆ.”

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಚೀಟಿಯನ್ನೂ ಸರಿಯಾಗಿ ಅಂಟಿಸಲಾರದವರಿಗೆ ಈ ಸೂಕ್ಷ್ಮ ಎಲ್ಲಿಂದ ಬಂತು? ಅಂಗಡಿಯ ಪುಟದಲ್ಲಿ ನಿಂತ ತನ್ನ ವಾಕ್ಯದಿಂದಲ್ಲದೆ? ಹಾಗಾದರೆ, ತಾನು ಹೇಳುವ ಮುನ್ನ ಆ ಗುರುತು ಯಾವ ಕಾಲಿನದಕ್ಕಿತ್ತು? ಅವನು ಈ ಮೊದಲು ತಾನೇ ಅಸಲಿಯೆಂದು ಬರೆದ ಅದೇ ಮಾದರಿಯ ಜೊತೆಗಳನ್ನು ಒಂದೊಂದಾಗಿ ತೆರೆದ. ಮೂರು ಸಿಕ್ಕವು. ಅಂದು ಅವುಗಳ ಅಟ್ಟೆಯಲ್ಲಿ ಗೀರಿನ ಚೂಪನ್ನಷ್ಟೇ ನೋಡಿ ದಾಟಿದ್ದ. ಮೂರರಲ್ಲೂ ಗುರುತು ಎಡಕ್ಕಿತ್ತು.

ಮಾದರಿ ಚಿತ್ರವನ್ನು ತೆರೆದು ತುಂಬ ಹಿಗ್ಗಿಸಿದ. ಅಟ್ಟೆಯ ನಡುವೆ ಮಸುಕಾಗಿ ಅಳತೆಯ ಅಂಕಿ ಉಬ್ಬಿತ್ತು.

“ಇದೇನು ಓದಮ್ಮ.”

“ಏಳು. ಆದ್ರೆ... ಅಯ್ಯೋ, ಇದು ಮಗುಚಿಕೊಂಡಿದೆ ಮಾವ! ಕನ್ನಡಿಯಲ್ಲಿ ಕಂಡ ಹಾಗಿದೆ. ಪುಟದ ಅಂದಕ್ಕೆ ಅಂತ ಯಾರೋ ಚಿತ್ರಾನೇ ತಿರುಗಿಸಿಬಿಟ್ಟಿದಾರೆ. ನಿಮಗೆ ಕಾಣಲಿಲ್ವಾ?”

ಕಂಡಿತ್ತು. ನಾಲ್ಕು ತಿಂಗಳ ಹಿಂದೆಯೂ ಆ ಏಳು ಕಂಡಿತ್ತು, ಓದಿಯೂ ಇದ್ದ. ಅಚ್ಚುಮೊಳೆಯಲ್ಲಿ ಅಕ್ಷರಗಳಿರುವುದೇ ತಿರುಗಿ. ಮೂವತ್ತು ವರ್ಷ ತಿರುಗಿದ ಅಕ್ಷರವನ್ನು ನೆಟ್ಟಗೆ ಓದಿದ ಕಣ್ಣಿಗೆ, ತಿರುಗಿದ್ದು ತಿರುಗಿದೆಯೆಂದು ತೋರಲೇ ಇಲ್ಲ. ಯಾವ ಕಣ್ಣಿಗೆ ಕಂಪನಿ ಸಂಬಳ ಕೊಡುತ್ತಿತ್ತೋ ಅದೇ ಕಣ್ಣು ನಿರಪರಾಧಿಯೊಬ್ಬಳನ್ನು ಕಳ್ಳಿಯೆಂದು ಬರೆದಿತ್ತು.

ಮೇಲ್ವಿಚಾರಕಿ ಅವನು ಹೇಳಿದ್ದನ್ನು ಸಹನೆಯಿಂದಲೇ ಕೇಳಿಸಿಕೊಂಡಳು. “ಮಾದರಿ ಚಿತ್ರ ಬದಲಾಯಿಸೋಣ ಸರ್, ಇವತ್ತೇ. ಆದ್ರೆ ಆ ತೀರ್ಪು ತೆಗೆದ್ರೆ, ನಾವು ತಪ್ಪು ಮಾಡ್ತೀವಿ ಅಂತ ನಾವೇ ಡಂಗುರ ಹೊಡೆದ ಹಾಗೆ. ನಕಲಿ ಅನ್ನಿಸ್ಕೊಂಡವರೆಲ್ಲ ಬಾಗಿಲಿಗೆ ಬರ್ತಾರೆ.”

“ಬರಲಿ. ಒಬ್ಬಳ ಹೆಸರು ಕೆಟ್ಟಿದೆ ಮೇಡಂ.”

“ನಿಮ್ಮ ಹೆಸರೂ ಕೆಡುತ್ತೆ. ಯೋಚನೆ ಮಾಡಿ.”

ಅವನಿಗೆ ಯೋಚನೆ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಪ್ಪು ತನ್ನದೆಂದೂ, ಆ ಜೊತೆ ಅಸಲಿಯೆಂದೂ, ಕಾರಣ ಸಮೇತ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಅದರ ಒಂದು ಪ್ರತಿಯನ್ನು ಮೇಲ್ವಿಚಾರಕಿಯ ಮೇಜಿನ ಮೇಲಿಟ್ಟ. ಕೊರಳಿನ ಗುರುತಿನ ಚೀಟಿಯನ್ನು ಅದರ ಮೇಲೆ ಇರಿಸಿ ಹೊರಟ. ಅವಳು ತಡೆಯಲಿಲ್ಲ.

ಆ ಪುಟ್ಟ ಅಂಗಡಿ ಇನ್ನೂ ಇತ್ತು, ಶೂಗಳು ಇರಲಿಲ್ಲ. ಪೊರಕೆ, ಬಕೆಟ್ಟು, ಪ್ಲಾಸ್ಟಿಕ್ ಚೆಂಬುಗಳ ನಡುವೆ ಒಡತಿ ಕುಳಿತಿದ್ದಳು. ಅವನು ಯಾರೆಂದು ಹೇಳಿದಾಗ ಅವಳು ಬಯ್ಯಲಿಲ್ಲ. ಅವನು ಕೊಟ್ಟ ಹಾಳೆಯನ್ನು ಎರಡು ಸಲ ಓದಿದಳು. ಮೇಲಿನ ಹಲಗೆಯಿಂದ ಡಬ್ಬಿಯನ್ನು ಇಳಿಸಿ, ಎಡಗಾಲಿನ ಶೂವನ್ನು ಮಗುಚಿ ಅವನ ಮುಂದೆ ಹಿಡಿದಳು. ಗುರುತು ಅಲ್ಲೇ ಇತ್ತು. ಅವನು ಬೆರಳಿಟ್ಟು ಮುಟ್ಟಿದ. ಇಷ್ಟು ವರ್ಷಗಳಲ್ಲಿ ತಾನು ತೀರ್ಪು ಬರೆದ ಒಂದು ಶೂವನ್ನು ಅವನು ಮುಟ್ಟಿದ್ದು ಇದೇ ಮೊದಲು.

“ಇದನ್ನ ತಮ್ಮನಿಗೆ ತೋರಿಸಬೇಕು,” ಎಂದಳು. “ಅದೊಂದಾದ್ರೆ ಸಾಕು, ಅಂಗಡಿ ಹಾಳಾಗಿಹೋಗ್ಲಿ. ನನ್ನ ಫೋನ್ ಅವನು ಎತ್ತಲ್ಲ. ನಿಮ್ಮದರಿಂದ ಮಾಡ್ತೀರಾ?”

ಅವನು ಮಾಡಿದ. ಆ ಕಡೆ ಗಂಡುದನಿ. ಭೂತಗನ್ನಡಿ ಒಂದೊಂದಾಗಿ ಎಲ್ಲವನ್ನೂ ಹೇಳಿದ: ತಾನು ಯಾರು, ಎಲ್ಲಿ ಕುಳಿತು ಮಾತಾಡುತ್ತಿದ್ದೇನೆ, ಮಗುಚಿದ ಚಿತ್ರ, ಏಳರ ಅಂಕಿ, ತನ್ನ ಕಣ್ಣು. “ನಿಮ್ಮಕ್ಕ ಸುಳ್ಳು ಹೇಳಿಲ್ಲಪ್ಪ. ತಪ್ಪು ನನ್ನದು. ಶೂ ನಿಮ್ಮದೇ, ಅಸಲಿ.”

“ಇರಿ,” ಎಂದು ಅವನು ಫೋನಿನಲ್ಲೇ ಏನನ್ನೋ ಹುಡುಕಿ ನೋಡಿದಂತಿತ್ತು.

“ಆವತ್ತು ಕಂಪನಿಯವರು ಬರೆದು ಹಾಕಿದ್ರು. ಅದು ಇವತ್ತಿಗೂ ಅಲ್ಲೇ ಇದೆ, ಈಗ ತಾನೇ ನೋಡ್ದೆ,” ಎಂದಿತು ಆ ದನಿ. “ಇವತ್ತು ನೀವ್ಯಾರೋ ಅವಳ ಅಂಗಡಿಯಲ್ಲಿ ಕೂತು ಹೇಳ್ತಿದೀರಿ. ಎಷ್ಟು ಕೊಟ್ಟಳು ನಿಮಗೆ?”

ಕರೆ ಕಡಿಯಿತು. ಮತ್ತೆ ಮಾಡಿದ, ಎತ್ತಲಿಲ್ಲ. ಮೂರನೆಯ ಸಲಕ್ಕೆ ಆ ಸಂಖ್ಯೆಗೆ ಕರೆ ಹೋಗಲೇ ಇಲ್ಲ.

ಅವಳು ಅವನ ಮುಖ ನೋಡಿಯೇ ತಿಳಿದುಕೊಂಡಳು. ಹಾಳೆಯನ್ನು ನಾಲ್ಕಾಗಿ ಮಡಿಸಿ ಎಡಗಾಲಿನ ಶೂವಿನೊಳಗೆ ಇಟ್ಟಳು. ಜೊತೆಯನ್ನು ಡಬ್ಬಿಗೆ ಹಾಕಿ, ಚೀಟಿ ಹೊರಗೆ ಕಾಣುವಂತೆ ಹಲಗೆಯ ಮೇಲೆ ಸರಿಸಿದಳು.

“ಬಿಸಿಲಲ್ಲಿ ನಡೆದು ಬಂದಿದೀರಿ,” ಎಂದಳು ಆಮೇಲೆ. “ನೀರು ಕೊಡ್ಲಾ?”

ಅವನು ಬೇಡವೆಂದು ತಲೆಯಾಡಿಸಿದ. ಆದರೂ ಅವಳು ತಂದುಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಎದುರಿಗೆ ನಿಂತೇ ಇದ್ದಳು.