ಖಾತೆ ಕಾಂತಾಳ ಹೆಸರಿನಲ್ಲಿತ್ತು

ಅನಿಕೇತ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಗುಮಾಸ್ತ. ಸಂಬಳ ಒಂದನೇ ತಾರೀಕಿಗೆ ಬಂದು ಹನ್ನೊಂದಕ್ಕೆ ಮುಗಿಯುತ್ತಿತ್ತು. ತಿಂಗಳ ಉಳಿದ ದಿನಗಳಲ್ಲಿ ಅವನು ಕ್ರಿಕೆಟ್ ಪಂಡಿತ. ಆ ಪಾಂಡಿತ್ಯಕ್ಕೆ ಬೆಟ್ಟಿಂಗ್ ಆ್ಯಪಿನಲ್ಲಿ ಹದಿನೆಂಟು ಸಾವಿರ ಫೀ ಕಟ್ಟಿದ್ದ. ಆದರೂ ತಾನು ಸೋತಿದ್ದೇನೆಂದು ಅನ್ನಿಸಿರಲಿಲ್ಲ. ಸೋಲುವುದು ಇನ್ನೂ ಮುಗಿದಿರಲಿಲ್ಲವಲ್ಲ.

2024ರ ಮೇ ಕೊನೆಯ ರವಿವಾರ ಅವನ ಅಕ್ಕ ಕಾಂತಾಳ ಗಂಡ ಈರಯ್ಯ ಖಾನಾಪುರದಿಂದ ಬಸ್ ಹತ್ತಿ ಅವನ ಖೋಲಿಗೆ ಬಂದ. ಖಾನಾಪುರದಲ್ಲಿ ಈ ಗಂಡಹೆಂಡಿರದು ತಾಡಪತ್ರಿ, ಛತ್ರಿ, ರೇನ್‌ಕೋಟುಗಳ ಅಂಗಡಿ. ಮಳೆಗೆ ಮುಂಚೆ ಹಳ್ಳಿಯವರು ಮಾಡಿನ ಅಳತೆ ಬರೆಸಿ ಮುಂಗಡ ಕೊಟ್ಟು ಹೋಗುತ್ತಾರೆ. ಆ ರೊಕ್ಕದಲ್ಲೇ ಬೆಳಗಾವಿಯ ಪೇಟೆಯಿಂದ ಮಾಲು ಒಯ್ಯಬೇಕು.

"ಮಾಲು ಒಯ್ಯಾಕ ಬಂದೀರೇನ್ರಿ ಮಾವಾರ?"

"ಮಾಲಿನ ರೊಕ್ಕ ಆ್ಯಪ್‌ನ್ಯಾಗ ಹೋತು. ಒಂದು ಲಕ್ಷ ಹತ್ತು ಸಾವಿರ. ಬ್ಯಾಂಕಿನ್ಯಾಗ ಇನ್ನ ಮೂವತ್ತೈದು ಐತಿ. ಇವತ್ತ ಸಂಜಿಗೆ ಫೈನಲ್. ಅದನ್ನೂ ಹಚ್ಚತೇನಿ ಅಂತ ನನಗ ಗೊತ್ತೈತಿ. ಅದಕ್ಕ ನನ್ನ ಹೊರಗ ಹಾಕ್ರಿ ಅಂತ ಆ ಆ್ಯಪ್‌ನವರಿಗೆ ಒಂದು ಅರ್ಜಿ ಬರಿ."

ಮಾವನಿಗೆ ಆ ಆ್ಯಪ್ ತೋರಿಸಿದವನೇ ಅನಿಕೇತ. ದೀಪಾವಳಿಗೆ ತನ್ನ ಕೋಡ್ ಹಾಕಿಸಿ ಖಾತೆ ತೆರೆಸಿದ್ದಕ್ಕೆ ಐದುನೂರು ರೂಪಾಯಿ ಬೋನಸ್ ಬಂದಿತ್ತು. ಅದನ್ನು ಮಾವನಿಗೆ ಹೇಳಿರಲಿಲ್ಲ.

ಮೊಬೈಲಿನಲ್ಲಿ ನಿಯಮ ಓದಿದ. ವಿರಾಮ ಎಂದರೆ ಒಂದು ದಿನದಿಂದ ಆರು ವಾರ. ಅದು ಮುಗಿದರೆ ಬಾಗಿಲು ತಾನಾಗಿ ತೆರೆಯುತ್ತದೆ. ಸ್ವಯಂ ನಿಷೇಧ ಬೇರೆ: ಆರು ತಿಂಗಳು, ಒಂದು ವರ್ಷ, ಐದು ವರ್ಷ ಅಥವಾ ಕಾಯಂ. ಒಮ್ಮೆ ಹಾಕಿದರೆ ಅವಧಿ ಮುಗಿಯುವ ಮೊದಲು ತಾವೇ ಬೇಡಿಕೊಂಡರೂ ತೆಗೆಯುವುದಿಲ್ಲ. ಸೋತದ್ದು ವಾಪಸು ಬರುವುದಿಲ್ಲ. ಇದು ಈ ಒಂದು ಆ್ಯಪಿಗೆ ಮಾತ್ರ, ಉಳಿದವುಗಳಿಗೆ ಬೇರೆ ಬೇರೆ ಅರ್ಜಿ.

ಇಬ್ಬರೂ ಕೂತು ಬರೆದರು: "ಮಾಲಿಗೆಂದು ಇಟ್ಟ ಹಣವನ್ನು ನಾನು ಇಲ್ಲಿ ಕಳೆದುಕೊಂಡಿದ್ದೇನೆ. ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ನನ್ನ ಖಾತೆಯನ್ನು ಕಾಯಂ ಮುಚ್ಚಿರಿ. ಇದೇ ಗುರುತಿನಿಂದ ಹೊಸ ಖಾತೆ ತೆರೆಯಲು ಬಿಡಬೇಡಿರಿ. ಆಫರ್‌ಗಳ ಸಂದೇಶ ಕಳಿಸಬೇಡಿರಿ. ಉಳಿದ ಹಣವಿದ್ದರೆ ಬ್ಯಾಂಕಿಗೆ ಹಾಕಿರಿ."

ಕಳಿಸಿದ ಅರ್ಧ ತಾಸಿನಲ್ಲಿ ಉತ್ತರ ಬಂತು. ಖಾತೆ ಕಾಂತಾ ಎಂಬವರ ಹೆಸರಿನಲ್ಲಿದೆ. ನೋಂದಾಯಿತ ಇಮೇಲಿನಿಂದ, ಗುರುತಿನ ಚೀಟಿಯೊಂದಿಗೆ ಅವರೇ ಬರೆಯಬೇಕು. ಕೆಳಗೆ ಇನ್ನೊಂದು ಸಾಲು: ಇವತ್ತಿನ ಫೈನಲ್‌ಗೆ ಎರಡು ಸಾವಿರ ಬೋನಸ್, ಈಗಲೇ ಹಣ ಹಾಕಿರಿ.

ಅಂಗಡಿಯ ಸಾಲ ಮಹಿಳಾ ಸೊಸೈಟಿಯದು. ಹಾಗಾಗಿ ಬ್ಯಾಂಕಿನ ಖಾತೆ, ಪ್ಯಾನ್, ಸಿಮ್ ಎಲ್ಲ ಕಾಂತಾಳದೇ. ಈರಯ್ಯ ಅವುಗಳನ್ನೇ ಆ್ಯಪಿಗೂ ಕೊಟ್ಟಿದ್ದ.

"ಅಕಿಗೆ ಹೇಳದ ಆಗೂದಿಲ್ಲೇನು?"

"ಆಗೂದಿಲ್ರಿ."

ಇಬ್ಬರೂ ಖಾನಾಪುರ ತಲುಪಿದಾಗ ನಾಲ್ಕು ದಾಟಿತ್ತು. ಕಾಂತಾ ಅಂಗಡಿಯ ಕಟ್ಟೆಯ ಮೇಲೆ ಕೂತು ಮುಂಗಡದವರ ಚೀಟಿಗಳನ್ನು ಊರಿನ ಪ್ರಕಾರ ಜೋಡಿಸುತ್ತಿದ್ದಳು. ಈರಯ್ಯ ನಿಂತೇ ಹೇಳಿದ. ಅವಳು ಬೈಯಲಿಲ್ಲ.

"ನನ್ನ ಮೊಬೈಲಿಗೆ ಓಟಿಪಿ ಬಂದಾಗೆಲ್ಲ ಜಿಎಸ್ಟೀದು ಅಂತಿದ್ರಿ."

"ಹೂಂ."

"ನಾ ಓದಿ ಓದಿ ಹೇಳತಿದ್ದೆ." ಅವಳ ದನಿ ಏರಲಿಲ್ಲ. "ಅಂದ್ರ ಕಳ್ಳಗ ದೀಪ ಹಿಡಿದಾಕಿ ನಾನ."

ಗಂಡನ ಮೊಬೈಲು ಕಸಿದುಕೊಂಡು ಅರ್ಜಿಯನ್ನು ಓದಿದಳು. 'ನನ್ನ ಕೈ' ಎಂಬುದನ್ನು ಅಳಿಸಿ, 'ನನ್ನ ಹೆಸರಿನ ಖಾತೆಯನ್ನು ಬಳಸಿದ ನನ್ನ ಗಂಡನ ಕೈ' ಎಂದು ಬರೆದಳು. ಅವಧಿ: ಕಾಯಂ. ಆಧಾರ್ ಕಾರ್ಡಿನ ಫೋಟೋ ತಾನೇ ತೆಗೆದಳು. ಕಳಿಸುವ ಮುಂಚೆ, ಬಾಕಿ ಎಷ್ಟಿದೆ ಎಂದು ನೋಡಲು ಖಾತೆಯ ಪುಟ ತೆರೆದಳು. ಮುನ್ನೂರ ನಲವತ್ತು ರೂಪಾಯಿ. ಅದರ ಕೆಳಗೆ: ಕರೆತಂದವರು, ಅನಿಕೇತ.

ಮೊಬೈಲನ್ನು ತಮ್ಮನ ಕಡೆ ತಿರುಗಿಸಿ ಆ ಸಾಲು ತೋರಿಸಿದಳು. ಆಮೇಲೆ ಅರ್ಜಿ ಕಳಿಸಿದಳು. ಆರೂವರೆಗೆ ಉತ್ತರ: ಖಾತೆ ಮುಚ್ಚಲಾಗಿದೆ, ಮತ್ತೆ ತೆರೆಯುವುದಿಲ್ಲ. ಮೂವತ್ತೈದು ಸಾವಿರ ಬ್ಯಾಂಕಿನಲ್ಲೇ ಉಳಿಯಿತು.

"ಇನ್ನ ನಿಂದು ಬರಿಯೋ ತಮ್ಮಾ."

ಅನಿಕೇತನ ಹೆಬ್ಬೆರಳು ಅವಧಿಯ ಪಟ್ಟಿಗೆ ಹೋಯಿತು. ಹೋಗಿ ಆರು ತಿಂಗಳ ಮೇಲೆ ಕೂತಿತು. ಮಾವನಿಗೆ ಕಾಯಂ ಬರೆಯುವಾಗ ಅದೇ ಬೆರಳು ಎಷ್ಟು ಚುರುಕಾಗಿತ್ತು ಎಂಬುದು ಅವನಿಗೇ ಕಂಡಿತು. ಈಗ ಅದು ಎಲ್ಲಿ ಕೂತಿದೆ ಎಂಬುದು ಅಕ್ಕನಿಗೂ ಕಂಡಿತ್ತು. ಬೆರಳನ್ನು ಕೆಳಗಿಳಿಸಿ ಕಾಯಂ ಒತ್ತಿದ.

ಹೊರಡುವ ಮುಂಚೆ, ಮಾವನನ್ನು ಕರೆತಂದದ್ದಕ್ಕೆ ಸಿಕ್ಕ ಬೋನಸ್ಸೆಂದು ಹೇಳಿ, ಜೇಬಿನಿಂದ ಐದುನೂರರ ನೋಟು ತೆಗೆದು ಕಟ್ಟೆಯ ಮೇಲಿಟ್ಟ. ಕಾಂತಾ ಅದನ್ನು ಮುಟ್ಟಲಿಲ್ಲ. ಚೀಟಿಗಳಲ್ಲಿ ಒಂದನ್ನು ಎತ್ತಿ ಅವನ ಮುಂದೆ ಹಿಡಿದಳು. ನಂದಗಡದ ಒಬ್ಬಾಕೆಯದು, ಹನ್ನೆರಡು ಫೂಟು ತಾಡಪತ್ರಿ.

"ಇದರ ಮುಂಗಡ ಐನೂರ. ಅಕಿ ಮನಿಗೆ ಹೋಗಿ, ಮಾಲು ತಡ ಆಗತೈತಿ ಅಂತ ನೀನ ಹೇಳಿ ಬಾ. ಯಾಕಂತ ಕೇಳಿದ್ರ, ಅದನ್ನೂ ಹೇಳು."