ಉರುಳೆಗೆ ಸುತ್ತಿದ ತಂತಿ

ಬಿ.ಎಡ್. ಪಾಠ ಪರೀಕ್ಷೆಯಲ್ಲಿ ಹಿಂದಿನ ವರ್ಷ ನಪಾಸಾಗಿದ್ದೆ. ಕಿರಂಗೂರಿನ ನಮ್ಮ ಮನೆಯಲ್ಲಿ ನಾಲ್ಕು ಸೀಮೆ ಹಸು, ಕೂಲಿಯಾಳಿಲ್ಲ. ನನ್ನ ಗಂಡ ಆ ಬೆಳಿಗ್ಗೆ ಪಾಂಡವಪುರದ ಹೈಸ್ಕೂಲಿನ ಗೇಟಿನಲ್ಲಿ ಮೊಪೆಡ್ಡಿಂದ ಇಳಿಸುವಾಗ, ‘ಈ ಸಲನೂ ಫೇಲಾದ್ರೆ ಮುಗೀತು ಕಣಮ್ಮಿ. ಆಮೇಲೆ ಹಸ ನೋಡ್ಕಂಡು ಸುಮ್ಕಿರ್ಬೇಕು’ ಅಂದರು. ಚೀಲ ಎತ್ತಿಕೊಂಡು ಒಳಗೆ ನಡೆದೆ. ನಿಂತಿದ್ದರೆ ಅಲ್ಲೇ ಜಗಳವಾಗುತ್ತಿತ್ತು.

ಪಾಠ ಒಂಬತ್ತನೇ ತರಗತಿಗೆ: ಸಿಲಿಂಡರಿನ ವಕ್ರ ಮೇಲ್ಮೈ. ಬಡಗಿಯ ಹತ್ತಿರ ಏಳು ಸೆಂಟಿಮೀಟರ್ ವ್ಯಾಸದ, ಹತ್ತು ಸೆಂಟಿಮೀಟರ್ ಉದ್ದದ ಮರದ ಉರುಳೆ ಮಾಡಿಸಿದ್ದೆ. ಪಠ್ಯಪುಸ್ತಕದ ತಂತಿ ಲೆಕ್ಕದಂತೆ ಅದರ ಮೇಲೆ ಸಂದಿಯಿಲ್ಲದೆ ಕರಿ ಕರೆಂಟು ವೈರು ಸುತ್ತಿದ್ದೆ. ಹಿಂದಿನ ಬೆಂಚಿಗೆ ಕಾಣದ ಮಾದರಿಗೆ ಅಂಕವಿಲ್ಲವೆಂದು ನಮ್ಮ ಕಾಲೇಜಿನಲ್ಲಿ ಎಲ್ಲರೂ ನಂಬಿದ್ದೆವು. ಅದಕ್ಕೇ ಅರ್ಧ ಸೆಂಟಿಮೀಟರ್ ದಪ್ಪದ ವೈರನ್ನೇ ಹುಡುಕಿ ತಂದಿದ್ದೆ. ಒಮ್ಮೆ ಬಿಗಿಯಾಗಿ ಕೂತದ್ದನ್ನು ಮತ್ತೆ ಬಿಚ್ಚಿ ಅಳೆಯಲು ಮನಸ್ಸಾಗದೆ ಹಾಗೇ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ.

ಪಾಠ ಚೆನ್ನಾಗಿಯೇ ಹೊರಟಿತು. ಅಂಥದ್ದೇ ಇನ್ನೊಂದು ಬರಿ ಉರುಳೆಗೆ ಕಾಗದ ಸುತ್ತಿ, ಕತ್ತರಿಸಿ, ಬಿಡಿಸಿ ಹಲಗೆಗೆ ಅಂಟಿಸಿದೆ. ಇಪ್ಪತ್ತೆರಡು ಉದ್ದ, ಹತ್ತು ಅಗಲದ ಆಯತ, ವಿಸ್ತೀರ್ಣ ಇನ್ನೂರಿಪ್ಪತ್ತು. ‘ತಂತಿಯನ್ನೂ ಬಿಡಿಸಿ ಹಾಸಿದರೆ ಇದೇ ಜಾಗ ಮುಚ್ಚುತ್ತದೆ. ಅದರ ಅಗಲ ಅರ್ಧ ಸೆಂಟಿಮೀಟರ್. ಹಾಗಾದರೆ ಉದ್ದ?’ ಎಂದೆ. ‘ನಾನೂರ ನಲವತ್ತು!’ ಎಂದು ಮಕ್ಕಳು ಕೂಗಿದರು.

ಕೊನೆಯ ಬೆಂಚಿನಲ್ಲಿ ಕೂತಿದ್ದ ಪರೀಕ್ಷಕರು ಪೆನ್ನಿಗೆ ಮುಚ್ಚಳ ಹಾಕಿದರು. ‘ಬಿಚ್ಚಿಸಿ ಅಳತೆ ಮಾಡಿಸಿ, ನೋಡೋಣ’ ಎಂದರು.

ಇಬ್ಬರು ಹುಡುಗಿಯರು ವೈರನ್ನು ಬಿಚ್ಚಿ, ಎಳೆದು ನೇರ ಮಾಡಿ, ನೆಲದ ಮೇಲೆ ಟೇಪು ಹಿಡಿದರು. ಒಬ್ಬಳು ತಲೆಯೆತ್ತಿ, ‘ಮಿಸ್, ನಾನೂರ ಎಪ್ಪತ್ತೊಂದು ಬತ್ತೈತೆ’ ಎಂದಳು.

‘ಸರಿಯಾಗಿ ಅಳೆಯಮ್ಮಾ.’

‘ಸರಿಯಾಗೇ ಅಳ್ದಿವ್ನಿ ಮಿಸ್. ಮೂವತ್ತೊಂದು ಜಾಸ್ತಿ ಐತೆ. ಯಾಕೆ?’

ಟೇಪು ಕಿತ್ತುಕೊಂಡೆ. ನಾನೇ ಅಳೆದೆ. ಅಷ್ಟೇ ಬಂತು. ಅಯ್ಯೋ ಶಿವನೇ, ಸೂತ್ರವೇ ಸುಳ್ಳೇ, ನಾನು ಸುಳ್ಳೇ? ಪರೀಕ್ಷಕರು ಗಡಿಯಾರ ನೋಡಿಕೊಂಡರು. ‘ಉತ್ತರ ಹೇಳಿ, ಮಗು ಕೇಳ್ತಿದೆ’ ಎಂದರು. ‘ವೈರು ಎಳೆದದ್ದಕ್ಕೆ ಉದ್ದವಾಯಿತು’ ಎಂದು ಹೇಳಿ ದಾಟಿಬಿಡುವ ಮಾತು ನಾಲಿಗೆ ತುದಿಗೆ ಬಂತು. ಒಳಗೆ ತಾಮ್ರ; ಆ ಎಳೆಯ ಹುಡುಗಿಯರ ಎಳೆತಕ್ಕೆ ಒಂದು ಅಡಿ ಹಿಗ್ಗುತ್ತದೆಯೇ? ನನ್ನ ಮೇಲೆ ನನಗೇ ಕೆಂಡದಂಥ ಕೋಪ ಬಂತು. ಹಾಳಾಗಿ ಹೋಗಲಿ ಅಂಕ ಎಂದುಕೊಂಡೆ.

‘ತಡಿ, ಇಬ್ರೂ ಸೇರಿ ಹುಡುಕೋಣ’ ಎಂದು ಅವಳನ್ನೇ ಕರೆದು, ವೈರನ್ನು ನಾಲ್ಕು ಸುತ್ತು ಮತ್ತೆ ಬಿಗಿಯಾಗಿ ಸುತ್ತಿಸಿದೆ. ಈ ಸಲ ಕಾಗದವನ್ನು ವೈರಿನ ಹೊರಮೈ ಮೇಲೆ ಸುತ್ತಿ ಕತ್ತರಿಸಿ ಬಿಡಿಸಿದೆವು. ಇಪ್ಪತ್ತೈದು ದಾಟಿತ್ತು. ಮರದ ಮೇಲಿನ ಕಾಗದ ಇಪ್ಪತ್ತೆರಡೇ. ಎರಡನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಹಿಡಿದೆ.

‘ವೈರಿನ ಒಳಮೈ ಚಿಕ್ಕ ಸುತ್ತು ಬತ್ತೈತೆ, ಹೊರಮೈ ದೊಡ್ಡ ಸುತ್ತು’ ಎಂದಳು ಹುಡುಗಿ, ನಿಧಾನವಾಗಿ. ‘ಅಂಗಾರೆ ವೈರಿನ ಉದ್ದ ಅದ್ರ ನಡುವಿಂದಾ ಮಿಸ್?’

ಉರುಳೆಯ ಏಳಕ್ಕೆ ವೈರಿನ ದಪ್ಪ ಸೇರಿಸಿದೆವು: ನಡುವಿನ ವ್ಯಾಸ ಏಳೂವರೆ. ಒಂದು ಸುತ್ತಿಗೆ ಇಪ್ಪತ್ತಮೂರೂವರೆಗಿಂತ ತುಸು ಹೆಚ್ಚು. ಹತ್ತು ಸೆಂಟಿಮೀಟರ್ ಉದ್ದಕ್ಕೆ ಕೂತಿದ್ದದ್ದು ಇಪ್ಪತ್ತು ಸುತ್ತು. ಗುಣಿಸಿದರೆ ನಾನೂರ ಎಪ್ಪತ್ತೊಂದು! ಹುಡುಗಿಯರು ಕುಣಿದಾಡಿಬಿಟ್ಟರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪಾಠದ ಅರ್ಧ ಹಾಗೇ ಉಳಿದಿತ್ತು, ಮನೆಗೆಲಸ ಕೊಟ್ಟಿರಲಿಲ್ಲ.

‘ಪರೀಕ್ಷೆಯಲ್ಲಿ ಇದೇ ಲೆಕ್ಕ ಬಂದರೆ ಮಕ್ಕಳು ಯಾವುದು ಬರೆಯಬೇಕು?’ ಪರೀಕ್ಷಕರು ಎದ್ದು ನಿಂತು ಕೇಳಿದರು.

‘ಪುಸ್ತಕದ ತಂತಿ ತೆಳು ಸಾರ್. ಅಲ್ಲಿ ವ್ಯತ್ಯಾಸ ಲೆಕ್ಕಕ್ಕೆ ಬರಲ್ಲ, ವಿಸ್ತೀರ್ಣವನ್ನು ಅಗಲದಿಂದ ಭಾಗಿಸಿದರೆ ಸಾಕು. ನಾನು ತಂದದ್ದು ದಪ್ಪ. ಇದಕ್ಕೆ ಅದು ಸಾಲದು’ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು. ಏನೋ ಬರೆದುಕೊಂಡು ಹೊರಟುಹೋದರು. ನಾನು ಪಾಸಾಗಿದ್ದೇನೆಂದು ತಿಳಿದದ್ದು ಬಹಳ ದಿನದ ಮೇಲೆ.

ಆ ಹೊತ್ತಿಗಂತೂ ಎಲ್ಲ ಮುಗಿಯಿತು ಎಂದೇ ಅಂದುಕೊಂಡು ಹೊರಗೆ ಬಂದೆ. ಗೇಟಿನಲ್ಲಿ ಇರಬೇಕಾದ ನನ್ನ ಗಂಡ ತರಗತಿಯ ಕಿಟಕಿಯ ಪಕ್ಕ, ಗೋಡೆಗೊರಗಿ ನಿಂತಿದ್ದರು. ‘ಎಲ್ಲಾ ಕೆಟ್ಟೋಯ್ತು, ಈಗ ಸಮಾಧಾನ ಆಯ್ತಾ ನಿಮಗೆ?’ ಎಂದು ಅವರ ಮೇಲೇ ಹರಿಹಾಯ್ದೆ.

‘ಎಲ್ಲಾ ನೋಡ್ದೆ ಕಣಮ್ಮಿ’ ಅಂದರು. ನನ್ನ ಕೈಯಿಂದ ಚೀಲ ತೆಗೆದುಕೊಂಡರು. ‘ಫೇಲಾದ್ರೆ ಇನ್ನೊಂದ್ಸಲ ಪರೀಕ್ಸೆ ಕಟ್ಬುಡು. ಹಸ ನಾನ್ ನೋಡ್ಕತೀನಿ.’

ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.