ಚಹಾದ ನಂತರ ಮೂರನೇ ಕುರ್ಚಿ

ಅವಳಿಗೊಂದು ಹೆಸರಿತ್ತು, ಸಂಬಳದ ಚೀಟಿಯಲ್ಲಿ ಮಾತ್ರ. ಉಳಿದಂತೆ ಪ್ರೆಸ್ಸಿನ ಗೇಟಿನಿಂದ ಹಿಡಿದು ಬೈಂಡಿಂಗ್ ವಿಭಾಗದ ತನಕ ಎಲ್ಲರಿಗೂ ಅವಳು ಗೀಟಮ್ಮ. ಶೀಘ್ರಲಿಪಿ ಬರೆಯುವವಳಲ್ಲವೇ, ನೋಡುವವರಿಗೆ ಅದು ಬರೀ ಗೀಟು. "ಗೀಟಮ್ಮ ಗೀಚಿದ್ದು ಗೀಟಮ್ಮನಿಗೇ ಗೊತ್ತು, ಮೇಲಿನ ದೇವರಿಗೂ ಗೊತ್ತಾಗಲ್ಲ" ಅಂತ ಹುಡುಗರು ನಗಾಡುತ್ತಿದ್ದರು. ನಗಲಿ ಬಿಡಿ. ಮೀಟಿಂಗಿನಲ್ಲಿ ಯಾರು ಏನು ಅಂದರು ಅಂತ ಜಗಳ ಬಿದ್ದಾಗ ಅದೇ ಹುಡುಗರು ಅವಳ ಮೇಜಿನ ಮುಂದೆ ಬಂದು ಕೈಕಟ್ಟಿ ನಿಲ್ಲುತ್ತಿದ್ದರು.

ಆ ಕೆಲಸಕ್ಕೆ ಅವಳನ್ನು ಹಚ್ಚಿದ್ದು ಅವಳ ಭಾವ, ಅಂದರೆ ಅಕ್ಕನ ಗಂಡ. ಅಪ್ಪ ತೀರಿಕೊಂಡಾಗ ಮನೆಯಲ್ಲಿ ದಿಕ್ಕಿಲ್ಲ, ದೆಸೆಯಿಲ್ಲ. ಭಾವ ಆಗ ಇದೇ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಿದ್ದರು. ಹುಡುಗಿಯನ್ನು ಶೀಘ್ರಲಿಪಿ ಕ್ಲಾಸಿಗೆ ತಾವೇ ಸೇರಿಸಿದರು, ಸಂಜೆ ಹೊತ್ತು ಬಾಗಿಲಲ್ಲಿ ಕಾದು ನಿಂತು ಕರೆತಂದರು, ಕೊನೆಗೆ ಕೆಲಸವನ್ನೂ ಕೊಡಿಸಿದರು. ಅವಳು ಮದುವೆಯಾಗಲಿಲ್ಲ. ಭಾನುವಾರದ ಊಟ ಅಕ್ಕನ ಮನೆಯಲ್ಲೇ. ಭಾವನ ಎಡಗಿವಿ ಮೆಷಿನ್ನಿನ ಸದ್ದಿಗೆ ಬಲಿಯಾಗಿ ಹೋಗಿತ್ತು. ಹಾಗಾಗಿ ಊಟಕ್ಕೆ ಕೂತಾಗ ಗೀಟಮ್ಮ ಅವರ ಬಲಕ್ಕೇ ಕೂರಬೇಕು. ಎಡಕ್ಕೆ ಕೂತರೆ ಅಕ್ಕ ಗದರುತ್ತಿದ್ದಳು: "ಗೋಡೆ ಹತ್ರ ಮಾತಾಡ್ತಿದೀಯೇನೇ?"

ಭಾವ ಮೇಲೇರಿ ಶಿಫ್ಟ್ ಸೂಪರ್‌ವೈಸರ್ ಆದರು. ನಿವೃತ್ತಿ ಹತ್ತಿರ ಬಂದಿತ್ತು. ಆಗಲೇ ಕಟಿಂಗ್ ಮೆಷಿನ್ನಿಗೆ ಒಬ್ಬ ಕೆಲಸಗಾರನ ಎರಡು ಬೆರಳು ಹೋದವು.

ಆದದ್ದು ಇಷ್ಟು. ಬ್ಲೇಡು ಬದಲಿಸಲು ಫಿಟ್ಟರ್ ಮೆಷಿನ್ನಿನ ಮುಂದಿನ ಕಾವಲು ಜಾಲರಿ ಬಿಚ್ಚಿದ್ದ. ಅದನ್ನು ಮತ್ತೆ ಹಾಕುವ ಮೊದಲೇ ಮೆಷಿನ್ ಓಡಿತು. ಓಡಿಸು ಅಂದವರು ಯಾರು? ಬೆರಳು ಕಳೆದುಕೊಂಡವನು ಆಸ್ಪತ್ರೆಯಲ್ಲಿ, "ಹಿಂದಿನಿಂದ ಯಾರೋ ಕೂಗಿದ್ರು, ಆ ಸದ್ದಲ್ಲಿ ಯಾರ ದನಿ ಅಂತ ಗೊತ್ತಾಗಲಿಲ್ಲ" ಅಂದಿದ್ದ. ಫಿಟ್ಟರ್ ಅಂದಿದ್ದರೆ ಅವನ ಕೆಲಸ ಹೋಗುತ್ತದೆ, ಸೂಪರ್‌ವೈಸರ್ ಅಂದಿದ್ದರೆ ಅವರದ್ದು. ವಿಚಾರಣೆಗೆ ಮೀಟಿಂಗ್ ಕರೆದರು. ಮ್ಯಾನೇಜರ್, ಆಫೀಸಿನ ಹೆಡ್‌ಕ್ಲರ್ಕ್, ಫಿಟ್ಟರ್, ಯೂನಿಯನ್ ಕಾರ್ಯದರ್ಶಿ, ಭಾವ, ಇಷ್ಟೇ ಜನ. ಬರೆಯಲು ಇಬ್ಬರು: ಆಫೀಸಿನ ಪರವಾಗಿ ಗೀಟಮ್ಮ, ಯೂನಿಯನ್ ಪರವಾಗಿ ಪ್ರೂಫ್ ತಿದ್ದುವವನು. "ಸಾರ್, ಒಬ್ರು ನಮ್ಮ ಭಾವ" ಅಂತ ಗೀಟಮ್ಮ ಹೇಳಿ ನೋಡಿದಳು. ಮ್ಯಾನೇಜರ್ ಕೈ ಆಡಿಸಿಬಿಟ್ಟರು: "ನೀವು ಬರೆಯೋರು ತಾನೇ? ತೀರ್ಪು ಕೊಡೋರಲ್ವಲ್ಲ."

ಎಂಥ ಮಾತು! ಬರೆಯುವವರ ಕೈಯಲ್ಲೇ ಇರುವುದು ತೀರ್ಪು, ಪಾಪ ಅವರಿಗೇನು ಗೊತ್ತು.

ಆ ಪ್ರೆಸ್ಸಿನ ಪದ್ಧತಿ ಹೀಗಿತ್ತು. ಮೀಟಿಂಗ್ ಮುಗಿದ ಮಾರನೇ ದಿನ ಬರೆದವರಿಬ್ಬರೂ ಬಾಗಿಲು ಹಾಕಿಕೊಂಡು ಕೂರಬೇಕು. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ, ಸರದಿಯಂತೆ ಗಟ್ಟಿಯಾಗಿ ಓದಬೇಕು. ಹೊಂದಿದ್ದಕ್ಕೆ ಟಿಕ್ಕು, ಹೊಂದದ್ದಕ್ಕೆ ಸೊನ್ನೆ. ಇಬ್ಬರ ಹಾಳೆಯಲ್ಲೂ ಇಲ್ಲದ ಮಾತನ್ನು ನೆನಪಿನಿಂದ ಸೇರಿಸುವ ಹಾಗಿಲ್ಲ, ಮೀಟಿಂಗಿನಲ್ಲಿದ್ದವರನ್ನು ಹೋಗಿ ಕೇಳುವ ಹಾಗೂ ಇಲ್ಲ. ಕೇಳಿದರೆ ಅವರು ಆಡಿದ್ದನ್ನು ಬಿಟ್ಟು, ಆಡಬೇಕಿತ್ತು ಅಂದುಕೊಂಡದ್ದನ್ನು ಹೇಳುತ್ತಾರೆ. ಕೊನೆಗೂ ಒಮ್ಮತ ಬಾರದಿದ್ದರೆ ಎರಡನ್ನೂ ಹಾಗೇ ಬರೆದು ಸಹಿ ಹಾಕಬೇಕು. ಹಾಗೆ ತಯಾರಾದ ನಡಾವಳಿ ಮುಂದಿನ ಮೀಟಿಂಗಿನಲ್ಲಿ ಒಪ್ಪಿಗೆಯಾದರೆ ಮುಗಿಯಿತು, ಆಮೇಲೆ ಬರೆದದ್ದೇ ಮಾತು.

ಹಳೇ ರಿಜಿಸ್ಟರುಗಳ ಕೋಣೆಯಲ್ಲಿ ಇಬ್ಬರೂ ಕೂತರು. ಕಿಟಕಿಗೆ ಅಂಟಿಸಿದ ಹಾಳೆ ಹಳದಿಗಟ್ಟಿ ಹಗಲಲ್ಲೂ ದೀಪ ಬೇಕಾಗಿತ್ತು. ಮೀಟಿಂಗಿನ ನಡುವೆ ಚಹಾಕ್ಕೆ ಬಿಟ್ಟಿದ್ದರು, ಅದಕ್ಕೆ ಮೊದಲಿನ ಭಾಗ ಹಾಲು ಕುಡಿದಷ್ಟು ಸಲೀಸಾಗಿ ಹೋಯಿತು. ಚಹಾದ ನಂತರ ಒಂದಾದ ಮೇಲೊಂದು ಸೊನ್ನೆ. ಕೊನೆಗೆ ಆ ಸಾಲು ಬಂತು.

ಗೀಟಮ್ಮ ಓದಿದಳು: "ಫಿಟ್ಟರ್: ಜಾಲರಿ ಆಮೇಲೆ ಹಾಕೋಣ, ಮೊದಲು ಕೆಲಸ ನಡೀಲಿ ಅಂತ ನಾನೇ ಕೂಗಿದ್ದು."

ಪ್ರೂಫಿನವನು ಕನ್ನಡಕ ತೆಗೆದ. "ಮಾತು ಅದೇ. ಆದರೆ ನಾನು ಸೂಪರ್‌ವೈಸರ್ ಅಂತ ಬರೆದಿದ್ದೀನಿ."

ಇವಳು ಬರೆಯುವಾಗ ತಲೆ ಎತ್ತುವುದಿಲ್ಲ. ಶುರುವಿನಲ್ಲಿ ಒಮ್ಮೆ ಕಣ್ಣಾಡಿಸಿ ಕುರ್ಚಿಗಳಿಗೆ ನಂಬರು ಕೊಡುತ್ತಾಳೆ, ಆಮೇಲೆ ದನಿ ಬಂದ ದಿಕ್ಕಿಗೆ ತಕ್ಕಂತೆ ನಂಬರು ಹಾಕುವುದು ಕೈಯ ಕೆಲಸ. ಮೂರನೇ ಕುರ್ಚಿ ಫಿಟ್ಟರ್‌ದು, ಐದನೇದು ಭಾವನದು, ಮೂಲೆಯಲ್ಲಿ ಗರಗರ ಅನ್ನುವ ಫ್ಯಾನಿನ ಪಕ್ಕ. ಪ್ರೂಫಿನವನು ಹಾಗಲ್ಲ, ದನಿ ಗುರುತಿಸಿ ಬರೆಯುವವನು.

"ಆಗ ಎಲ್ಲರೂ ಒಟ್ಟಿಗೇ ಬಾಯಿ ಹಾಕ್ತಿದ್ರು," ಅಂದ ಅವನು. "ಮ್ಯಾನೇಜರ್ ಫೋನಲ್ಲಿದ್ರು. ನಾನು ಬೇರೆ ಚಹಾ ಮುಗಿಸಿ ತಡವಾಗಿ ಬಂದೆ. ಸೂಪರ್‌ವೈಸರ್ ಅಂತ ಬರೆದು ಪಕ್ಕಕ್ಕೆ ಪ್ರಶ್ನಾರ್ಥಕ ಹಾಕಿದ್ದೀನಿ, ಸುಳ್ಳು ಯಾಕೆ ಹೇಳಲಿ." ತುಸು ಹೊತ್ತು ಪೆನ್ನು ತಿರುವುತ್ತ ಕೂತ. "ನಿಮ್ಮ ಕೈ ತಪ್ಪಿದ್ದು ನಾನಂತೂ ನೋಡಿಲ್ಲ ಗೀಟಮ್ಮ. ನಿಮ್ಮದೇ ಇರಲಿ. ಬರ್ಕೊಳ್ಳಿ."

ಅಷ್ಟೇ! ಅವಳು ಬಾಯಿ ಬಿಡಬೇಕಾಗಿಯೂ ಇರಲಿಲ್ಲ, ಒಂದು ಟಿಕ್ಕು ಹಾಕಿದ್ದರೆ ಸಾಕಿತ್ತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಅವಳಿಗೆ. ಭಾವ ಉಳಿದರು, ಅಕ್ಕನ ಮನೆ ಉಳಿಯಿತು. ಟಿಕ್ಕು ಹಾಕುವ ಮೊದಲು ಅಭ್ಯಾಸಬಲದಿಂದ ಕೆಳಗಿನ ಸಾಲಿನ ಮೇಲೆ ಕಣ್ಣಾಡಿಸಿದಳು. ಹಾಳು ಅಭ್ಯಾಸ.

ಅಲ್ಲಿ ಅವಳದೇ ಗೀಟು ಇತ್ತು: "ಮೂರು: ಈ ಕಡೆ ಬಂದು ಕೂತ್ರೂ ಕೇಳಿಸ್ತಿಲ್ಲ ಸಾರ್, ಸ್ವಲ್ಪ ಗಟ್ಟಿಯಾಗಿ ಹೇಳಿ."

ಅವಳು ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಫಿಟ್ಟರ್‌ನ ಕಿವಿ ಪಾತರಗಿತ್ತಿ ಹಾರಿದರೂ ಕೇಳುವಂಥದ್ದು. ಈ ಕಡೆ ಬಂದು ಕೂತವರು ಭಾವ. ಫ್ಯಾನಿನ ಸದ್ದಿಗೆ ಕೇಳಿಸದೆ ಒದ್ದಾಡುತ್ತಿದ್ದ ಹಿರಿಯರಿಗೆ ಚಹಾದ ಹೊತ್ತಲ್ಲಿ ಆ ಫಿಟ್ಟರ್ ಹುಡುಗನೇ ಎದ್ದು ಜಾಗ ಬಿಟ್ಟುಕೊಟ್ಟಿರಬೇಕು. ಇವಳು ಆಗ ಪೆನ್ಸಿಲ್ ಹೆರೆಯುತ್ತಿದ್ದಳು. ಕುರ್ಚಿಯ ನಂಬರು ಅದೇ ಉಳಿಯಿತು, ಕೂತವರು ಬದಲಾದರು. ಜಾಗ ಕೊಟ್ಟ ತಪ್ಪಿಗೆ ಹುಡುಗನ ಅನ್ನ ಹೋಗುವುದರಲ್ಲಿತ್ತು.

"ಏನಾಯ್ತು?" ಅಂದ ಪ್ರೂಫಿನವನು.

ಇಂಥ ಸಣ್ಣಪುಟ್ಟ ಮಾತು ನಡಾವಳಿಗೆ ಸೇರುವುದಿಲ್ಲ. ಫೋನು ಬಂತು, ನೀರು ಕೊಡಿ, ಗಟ್ಟಿಯಾಗಿ ಹೇಳಿ, ಇವನ್ನೆಲ್ಲ ಹಾರಿಸಿಕೊಂಡು ಓದುವುದೇ ರೂಢಿ. ಹಾರಿಸಿದ್ದರೆ ಯಾರೂ ಅವಳನ್ನು ಸುಳ್ಳುಗಾತಿ ಅನ್ನುವಂತಿರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಅಮ್ಮ ಹೇಳುತ್ತಿದ್ದಳು. ಕ್ಲಾಸಿನ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದ ಭಾವ ಕಣ್ಣ ಮುಂದೆ ಬಂದರು. ಆ ಹುಡುಗನಿಗಾದರೂ ಯಾರು ಕಾದು ನಿಲ್ಲುತ್ತಾರೆ? ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಆ ಸಾಲನ್ನು ಗಟ್ಟಿಯಾಗಿ ಓದಿದಳು.

ಪ್ರೂಫಿನವನು ಬುದ್ಧಿವಂತ, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು ಮೆಲ್ಲಗೆ, "ಗೀಟಮ್ಮಾ, ಇದನ್ನ ನೀವು ಓದಬೇಕಾಗಿರಲಿಲ್ಲ" ಅಂದ.

"ಓದಿ ಆಯ್ತಲ್ಲ. ಚಹಾದಿಂದ ಶುರು ಮಾಡಿ."

ಮತ್ತೆ ಮೊದಲಿನಿಂದ ನೋಡಿದರು. ಅವಳ ಮೂರನ್ನು ಸೂಪರ್‌ವೈಸರ್ ಅಂತಲೂ ಐದನ್ನು ಫಿಟ್ಟರ್ ಅಂತಲೂ ಓದಿಕೊಂಡಾಗ ಸೊನ್ನೆಗಳೆಲ್ಲ ಒಂದೊಂದಾಗಿ ಟಿಕ್ಕುಗಳಾದವು. ಹೆಡ್‌ಕ್ಲರ್ಕ್ ಆಡಿದ ಒಂದು ಮಾತು ಮಾತ್ರ ಹೊಂದಲಿಲ್ಲ, ಅದನ್ನು ಎರಡೂ ರೀತಿಯಲ್ಲಿ ಬರೆದರು. ಚಹಾದ ನಂತರ ಇಬ್ಬರು ಸದಸ್ಯರು ಕುರ್ಚಿ ಬದಲಿಸಿದ್ದು, ಆಫೀಸಿನ ಟಿಪ್ಪಣಿಯಲ್ಲಿ ನಂಬರು ತಪ್ಪಾದದ್ದು, ಅದು ಗೊತ್ತಾದದ್ದು ಯಾವ ಸಾಲಿನಿಂದ ಅಂತ ಅಡಿಯಲ್ಲಿ ಷರಾ ಹಾಕಿದರು. ಮೂಲ ಹಾಳೆಗಳನ್ನು ತಿದ್ದಲಿಲ್ಲ, ಹರಿಯಲಿಲ್ಲ, ಇದ್ದ ಹಾಗೇ ಸಹಿ ಹಾಕಿ ಲಗತ್ತಿಸಿದರು.

ಭಾವನಿಗೆ ಮುಂಚೆಯೇ ಹೇಳಬೇಕು ಅಂತ ಎಷ್ಟು ಸಲ ಅನ್ನಿಸಿತೋ. ಹೇಳುವ ಹಾಗಿರಲಿಲ್ಲ, ಹೇಳಲಿಲ್ಲ. ಆ ಭಾನುವಾರ ತಲೆನೋವು ಅಂತ ಊಟಕ್ಕೂ ಹೋಗಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಹೆಡ್‌ಕ್ಲರ್ಕ್ ನಡಾವಳಿ ಓದಿದರು. ಭಾವ ಈ ಸಲ ಮೊದಲೇ ಬಂದು ಮೂರನೇ ಕುರ್ಚಿ ಹಿಡಿದಿದ್ದರು. ಆ ಸಾಲು ಬಂದಾಗ ಮ್ಯಾನೇಜರ್ ಕೇಳಿದರು, "ಇದು ನೀವು ಹೇಳಿದ್ದೇನಾ? ತಿದ್ದೋದಿದ್ರೆ ಈಗಲೇ ಹೇಳಿ."

ಹೊರಗೆ ಯಾರೋ ಕಾಗದದ ಗಾಡಿ ತಳ್ಳಿಕೊಂಡು ಹೋದ ಸದ್ದಾಯಿತು. ಗೀಟಮ್ಮ ಜೀವಮಾನದಲ್ಲಿ ಮೊದಲ ಸಲ ಬರೆಯುವುದು ಬಿಟ್ಟು ತಲೆ ಎತ್ತಿದಳು.

"ನಾನು ಹೇಳಿದ್ದೇ," ಅಂದರು ಭಾವ. "ಸರಿಯಾಗಿದೆ." ಸಹಿ ಹಾಕಿದರು. ಅವಳ ಕಡೆ ನೋಡಲಿಲ್ಲ.

ಫಿಟ್ಟರ್ ಉಳಿದ. ಭಾವನನ್ನು ಕೆಲಸದಿಂದ ತೆಗೆದರು. ಅಷ್ಟು ವರ್ಷ ದುಡಿದವರಿಗೆ ಒಂದು ಹಾರವಿಲ್ಲ, ನಾಲ್ಕು ಒಳ್ಳೆಯ ಮಾತಿಲ್ಲ. ಊಟದ ಡಬ್ಬಿ ಹಿಡಿದು ಹಿಂದಿನ ಗೇಟಿನಿಂದ ಹೋದರು ಅಂತ ಹುಡುಗರು ಹೇಳಿದರು.

ಆ ವಾರ ಗೀಟಮ್ಮ ಅಕ್ಕನ ಮನೆಗೆ ಹೋದಳು. ಅಕ್ಕ ಬಾಗಿಲು ಅರ್ಧ ತೆರೆದಳು, ಬಾ ಅನ್ನಲಿಲ್ಲ. "ಯಾಕೆ ಬಂದೆ? ಇನ್ನೂ ಏನಾದ್ರೂ ಬರ್ಕೊಳ್ಳೋದಿದೆಯಾ?"

"ಅಕ್ಕಾ..."

"ಆ ಪ್ರೂಫಿನವನು ಬಿಟ್ಟುಕೊಟ್ಟಿದ್ದನಂತೆ. ಊರಿಗೇ ಗೊತ್ತು. ನೀನು ಬಾಯಿ ಮುಚ್ಕೊಂಡು ಒಂದು ಸಾಲು ಹಾರಿಸಿದ್ರೆ ಆಗ್ತಿತ್ತಲ್ಲೇ. ನಿನ್ನ ಕೈ ಹಿಡಿದು ದಾರಿಗೆ ಹಚ್ಚಿದೋರು ಕಣೇ ಅವರು."

ಅಕ್ಕನ ಭುಜದ ಮೇಲಿಂದ ಒಳಗೆ ಕಾಣುತ್ತಿತ್ತು. ಭಾವ ಕುರ್ಚಿಯಲ್ಲಿ ಕೂತಿದ್ದರು, ಬೆನ್ನು ಸೆಟೆದು, ಎಡಗಿವಿ ಬಾಗಿಲ ಕಡೆಗೆ. ಬಲಕ್ಕಿದ್ದ ಅವಳ ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಹಾಕಿತ್ತು.

"ಭಾವಾ," ಅಂದಳು. ಅವರು ಅಲುಗಲಿಲ್ಲ. ಇನ್ನೂ ಗಟ್ಟಿಯಾಗಿ, ಪಕ್ಕದ ಮನೆಯವರು ಇಣುಕುವಷ್ಟು ಗಟ್ಟಿಯಾಗಿ ಕೂಗಿದಳು. "ಭಾವಾ, ನಾನು!"

ಅಕ್ಕ ಬಾಗಿಲು ಹಾಕಿಕೊಂಡಳು.

ಮೆಟ್ಟಿಲ ಮೇಲೆ ಅವಳು ಬಹಳ ಹೊತ್ತು ನಿಂತಿದ್ದಳು. ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ. ಇದನ್ನು ಹೇಳಲು ಇನ್ನೊಬ್ಬರು ಬರೆದುಕೊಂಡ ಹಾಳೆ ಎಲ್ಲೂ ಇರಲಿಲ್ಲ.